ಸರ್ಚ್, ಸಜೆಸ್ಟೆಡ್, ಬ್ರೌಸ್: ಶೀರ್ಷಿಕೆ ಯಾರನ್ನು ಕರೆತರುತ್ತಿದೆ ಎಂದು ನಾನು ಅಳೆಯುವ ರೀತಿ

ಯೂಟ್ಯೂಬ್ ವಿಡಿಯೋದ ಸರಾಸರಿ ವೀಕ್ಷಣಾ ಸಮಯ ಕಡಿಮೆ ಬಂದಾಗ ಹೆಚ್ಚಿನವರು ಮೊದಲು ವಿಡಿಯೋವನ್ನೇ ಅನುಮಾನಿಸುತ್ತಾರೆ. ನಾನು ಮೊದಲು ನೋಡುವುದು ಜನ ಯಾವ ದಾರಿಯಿಂದ ಬಂದರು, ಆಯಾ ದಾರಿಯಿಂದ ಬಂದವರು ಎಷ್ಟು ಹೊತ್ತು ಕೂತರು ಎಂಬುದನ್ನು. ಒಟ್ಟು ಸರಾಸರಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಸರ್ಚ್‌ನಿಂದ ಬರುವವರು ಒಂದು ಪ್ರಶ್ನೆ ಹಿಡಿದು ಬರುತ್ತಾರೆ. ಅವರನ್ನು ತರುವುದು ಶೀರ್ಷಿಕೆ ಮತ್ತು ವಿವರಣೆಯಲ್ಲಿರುವ ಪದಗಳು. ಸಜೆಸ್ಟೆಡ್‌ನಿಂದ ಬರುವವರು ಇನ್ನೊಂದು ವಿಡಿಯೋ ನೋಡುತ್ತಿದ್ದವರು, ಹಾಗಾಗಿ ಅಲ್ಲಿ ತಿಳಿಯುವುದು ನಮ್ಮ ವಿಡಿಯೋ ಯಾರ ಪಕ್ಕ ಕೂತಿದೆ ಎಂಬುದು. ಬ್ರೌಸ್‌ನವರು ಮುಖಪುಟ ನೋಡುತ್ತಾ ಕಣ್ಣಿಗೆ ಬಿದ್ದದ್ದನ್ನು ಒತ್ತಿದವರು. ಅವರ ಮುಂದೆ ಇದ್ದದ್ದು ಥಂಬ್‌ನೇಲ್ ಮತ್ತು ಶೀರ್ಷಿಕೆ ಮಾತ್ರ. ಟ್ಯಾಗ್‌ಗಳ ಪಾತ್ರ ಮೂರರಲ್ಲೂ ತೀರಾ ಚಿಕ್ಕದು, ಅವುಗಳ ಮೇಲೆ ನಾನು ಸಮಯ ಕಳೆಯುವುದಿಲ್ಲ.

ಅಂಕಿ ತೆಗೆಯುವುದು ಸುಲಭ. ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ಒಂದು ವಿಡಿಯೋದ Analytics ತೆರೆದು, Advanced mode ಒತ್ತಿ, Traffic source ಆರಿಸಿ, ಅವಧಿಯನ್ನು 28 ದಿನಕ್ಕೆ ಇಡುತ್ತೇನೆ. ಇಡೀ ಚಾನೆಲ್‌ಗೆ ಒಟ್ಟಾಗಿ ನೋಡಿದರೆ ಶಾರ್ಟ್ಸ್ ಮತ್ತು ಉದ್ದ ವಿಡಿಯೋಗಳು ಬೆರೆತು ಲೆಕ್ಕ ಕೆಡುತ್ತದೆ. ಹೊಸ ವಿಡಿಯೋದ ಮೊದಲ ಎರಡು ಮೂರು ದಿನವನ್ನೂ ಬಿಡುತ್ತೇನೆ. ಆಗ ಬ್ರೌಸ್‌ನಲ್ಲಿ ಬರುವವರು ಬಹುಪಾಲು ನಮ್ಮ ಚಂದಾದಾರರೇ ಆಗಿರಬಹುದು, ಅವರು ಶೀರ್ಷಿಕೆ ಹೇಗಿದ್ದರೂ ನೋಡುವ ಜನ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ದುಂಡಂಕಿಗಳನ್ನು ಇಟ್ಟಿದ್ದೇನೆ. 9 ನಿಮಿಷದ ವಿಡಿಯೋ, ಶೀರ್ಷಿಕೆ "ಜೋಳದ ರೊಟ್ಟಿ: ಮಷಿನ್ ಬೇಡ, ಕೈಯಲ್ಲೇ ಬಡಿಯಿರಿ | Jolada Rotti". ಎಸರಿಟ್ಟು ಹಿಟ್ಟು ಕಲಸುವುದು, ನಾದುವುದು, ಅಂಚು ಒಡೆಯದಂತೆ ಬಡಿಯುವುದು ಇದರ ವಿಷಯ.

ಸರ್ಚ್‌ನಲ್ಲಿ 25,000 ಇಂಪ್ರೆಷನ್, 8% ಕ್ಲಿಕ್, 2,000 ವೀಕ್ಷಣೆ, ಸರಾಸರಿ 2:15, ಒಟ್ಟು 75 ಗಂಟೆ. ಸಜೆಸ್ಟೆಡ್‌ನಲ್ಲಿ 15,000 ಇಂಪ್ರೆಷನ್, 4% ಕ್ಲಿಕ್, 600 ವೀಕ್ಷಣೆ, ಸರಾಸರಿ 4:30, ಒಟ್ಟು 45 ಗಂಟೆ. ಬ್ರೌಸ್‌ನಲ್ಲಿ 10,000 ಇಂಪ್ರೆಷನ್, 4% ಕ್ಲಿಕ್, 400 ವೀಕ್ಷಣೆ, ಸರಾಸರಿ 3:36, ಒಟ್ಟು 24 ಗಂಟೆ. (ನಿಜವಾದ ವರದಿಯಲ್ಲಿ ಇಂಪ್ರೆಷನ್ ಮತ್ತು ಕ್ಲಿಕ್ ದರದ ಗುಣಲಬ್ಧ ವೀಕ್ಷಣೆಗೆ ಇಷ್ಟು ಸರಿಯಾಗಿ ಹೊಂದುವುದಿಲ್ಲ. ಥಂಬ್‌ನೇಲ್ ಅರ್ಧದಷ್ಟಾದರೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಂಡರೆ ಮಾತ್ರ ಅದು ಇಂಪ್ರೆಷನ್ ಎಂದು ಎಣಿಕೆಯಾಗುತ್ತದೆ.)

ಮೇಲ್ನೋಟಕ್ಕೆ ಸರ್ಚ್ ಗೆದ್ದಂತೆ ಕಾಣುತ್ತದೆ: ಕ್ಲಿಕ್ ದರ ಎರಡು ಪಟ್ಟು, ಗಂಟೆಗಳೂ ಹೆಚ್ಚು. ಅದಕ್ಕೇ ನಾನು ಸಾವಿರ ಇಂಪ್ರೆಷನ್‌ಗೆ ಎಷ್ಟು ಗಂಟೆ ಬಂತು ಎಂದು ಭಾಗಿಸಿ ನೋಡುತ್ತೇನೆ. ಶೀಟ್‌ನಲ್ಲಿ B ಕಾಲಂ ಇಂಪ್ರೆಷನ್, C ಕಾಲಂ ವೀಕ್ಷಣಾ ಗಂಟೆ ಆಗಿದ್ದರೆ ಸೂತ್ರ ಹೀಗೆ:

```
=C2/B2*1000
```

ಸರ್ಚ್‌ಗೆ 3 ಗಂಟೆ, ಸಜೆಸ್ಟೆಡ್‌ಗೂ 3 ಗಂಟೆ, ಬ್ರೌಸ್‌ಗೆ 2.4. ಅಂದರೆ ಸರ್ಚ್‌ನಲ್ಲಿ ಎರಡು ಪಟ್ಟು ಜನ ಬಾಗಿಲು ತೆರೆದರೂ ಒಳಗೆ ಕೂತ ಹೊತ್ತು ಸಜೆಸ್ಟೆಡ್‌ನಷ್ಟೇ. ಹೀಗಾದಾಗ ಶೀರ್ಷಿಕೆ ಬೇರೆ ಏನನ್ನೋ ಹುಡುಕುವವರನ್ನೂ ಕರೆಯುತ್ತಿದೆಯೇ ಎಂದು ನೋಡಬೇಕು.

ಆದರೆ ಇಷ್ಟಕ್ಕೇ ತೀರ್ಪು ಕೊಡಬಾರದು. ಸರ್ಚ್‌ನವರು ಬೇಗ ಹೋಗುವುದು ಸಹಜ. ಎಸರಿಗೆ ಎಷ್ಟು ನೀರು ಎಂದು ಕೇಳಿ ಬಂದವರಿಗೆ ಎರಡನೇ ನಿಮಿಷದಲ್ಲೇ ಉತ್ತರ ಸಿಕ್ಕರೆ ಹೊರಡುತ್ತಾರೆ, ಅದು ನಮ್ಮ ಸೋಲಲ್ಲ. ಆದ್ದರಿಂದ ಸರ್ಚ್‌ನ ಸಂಖ್ಯೆಯನ್ನು ಸಜೆಸ್ಟೆಡ್ ಜೊತೆ ತೂಗಿ ಸುಮ್ಮನಾಗದೆ, ಇಷ್ಟೇ ಉದ್ದದ ನನ್ನ ಬೇರೆ ಅಡುಗೆ ವಿಡಿಯೋಗಳ ಸರ್ಚ್ ಸಂಖ್ಯೆಯ ಜೊತೆ ಹೋಲಿಸುತ್ತೇನೆ. ಅವು ಮೂರು ನಿಮಿಷದ ಆಸುಪಾಸಿನಲ್ಲಿದ್ದು ಇದು 2:15 ಎಂದಾದರೆ ಮುಂದಿನ ಹೆಜ್ಜೆ ಇಡುತ್ತೇನೆ.

ಆ ಹೆಜ್ಜೆ ಎಂದರೆ YouTube search ಸಾಲನ್ನು ಒತ್ತಿ, ಜನ ಟೈಪ್ ಮಾಡಿದ ಪದಗಳ ಪಟ್ಟಿ ತೆರೆಯುವುದು. ಕನ್ನಡದವರು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುವುದರಿಂದ "ಜೋಳದ ರೊಟ್ಟಿ", "jolada rotti", "jowar roti" ಬೇರೆ ಬೇರೆ ಸಾಲುಗಳಾಗಿ ಬರುತ್ತವೆ. ಅರ್ಥದ ಪ್ರಕಾರ ಅವನ್ನು ಕೈಯಾರೆ ಗುಂಪು ಮಾಡಬೇಕು. ನಮ್ಮ ಉದಾಹರಣೆಯಲ್ಲಿ "jolada rotti machine", "rotti machine price" ಬಗೆಯ ಸಾಲುಗಳೆಲ್ಲ ಸೇರಿ 600 ವೀಕ್ಷಣೆ, ಸರಾಸರಿ ಬರೀ 40 ಸೆಕೆಂಡ್ ಎಂದುಕೊಳ್ಳಿ. ಅವನ್ನು ಕಳೆದರೆ ಉಳಿದ 1,400 ವೀಕ್ಷಣೆಗಳ ಸರಾಸರಿ ಸುಮಾರು 2:56 ಆಗುತ್ತದೆ. ರೊಟ್ಟಿ ಮಾಡಲು ಬಂದವರು ಎಂದಿನಂತೆ ನೋಡಿದ್ದಾರೆ. ಸಂಖ್ಯೆಯನ್ನು ಕೆಳಗೆಳೆದವರು ಮಷಿನ್ ಕೊಳ್ಳಲು ಬಂದವರು.

ಅವರು ಬಂದದ್ದು ಶೀರ್ಷಿಕೆಯಲ್ಲಿದ್ದ "ಮಷಿನ್" ಎಂಬ ಪದದಿಂದ. ನಾವು ಬರೆದದ್ದು "ಮಷಿನ್ ಬೇಡ" ಎಂದು. ಹುಡುಕುವವರ ಕಣ್ಣಿಗೆ ಬೀಳುವುದು ಅವರು ಟೈಪ್ ಮಾಡಿದ ಪದ. ಬೇಡ, ಅಲ್ಲ, ಇಲ್ಲದೆ ಎಂಬ ನಿಷೇಧ ಪದಗಳನ್ನು ಶೀರ್ಷಿಕೆಯಲ್ಲಿ ಕಂಡಾಗಲೆಲ್ಲ ನಾನು ಈ ಪಟ್ಟಿ ತೆರೆದು ನೋಡುತ್ತೇನೆ. ಇದು ತುಂಬಾ ಸಾಮಾನ್ಯವಾದ ತಪ್ಪು, ತಿದ್ದುವುದೂ ಸುಲಭ.

ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಶೀರ್ಷಿಕೆಯನ್ನು "ಜೋಳದ ರೊಟ್ಟಿ ಬಡಿಯುವಾಗ ಅಂಚು ಒಡೆಯದಿರಲು ಹೀಗೆ ಮಾಡಿ | Jolada Rotti" ಎಂದು ಮಾಡಿ, ವಿವರಣೆಯ ಮೊದಲ ಸಾಲುಗಳಿಂದಲೂ ಮಷಿನ್ ತೆಗೆಯುತ್ತೇನೆ, ಏಕೆಂದರೆ ಅದು ಇದೇ ಬದಲಾವಣೆಯ ಭಾಗ. ಥಂಬ್‌ನೇಲ್ ಮುಟ್ಟುವುದಿಲ್ಲ. ದಿನಾಂಕ ಬರೆದಿಟ್ಟು, ಪೂರ್ತಿ 28 ದಿನ ಬಿಟ್ಟು ಮತ್ತೆ ನೋಡುತ್ತೇನೆ. ನಡುವೆ ಹಬ್ಬ ಬಂದರೆ ಅಡುಗೆ ವಿಡಿಯೋಗಳ ಸರ್ಚ್ ತಾನಾಗಿ ಏರುಪೇರಾಗುತ್ತದೆ. ಎಳ್ಳು ಅಮಾವಾಸ್ಯೆ, ಸಂಕ್ರಾಂತಿಯ ವಾರವನ್ನು ಸಾಮಾನ್ಯ ವಾರದ ಜೊತೆ ಹೋಲಿಸಬೇಡಿ.

ಇಲ್ಲಿ ಹೆಚ್ಚಿನವರು ಹೆದರಿ ಹಳೆಯ ಶೀರ್ಷಿಕೆಗೆ ಮರಳುತ್ತಾರೆ. ಸರ್ಚ್ ವೀಕ್ಷಣೆ 2,000ದಿಂದ 1,400ರ ಹತ್ತಿರಕ್ಕೆ ಇಳಿಯಬಹುದು. ಗಂಟೆಗಳೂ 75ರಿಂದ ಸುಮಾರು 68ಕ್ಕೆ ಬರಬಹುದು, ಏಕೆಂದರೆ ಮಷಿನ್‌ನವರ 600 ವೀಕ್ಷಣೆಗಳು ಒಟ್ಟು ಸುಮಾರು 6.7 ಗಂಟೆ ಕೊಟ್ಟಿದ್ದವು. ಇದು ಲೆಕ್ಕದಲ್ಲೇ ಇದ್ದ ಇಳಿಕೆ. ಆಗ ನೋಡಬೇಕಾದದ್ದು ಎರಡು: ಮಷಿನ್ ಸಾಲುಗಳು ಪಟ್ಟಿಯಿಂದ ಕರಗಿದವೇ, ಮತ್ತು ಸಾವಿರ ಇಂಪ್ರೆಷನ್‌ಗೆ ಬರುವ ಗಂಟೆ 3ಕ್ಕಿಂತ ಮೇಲೆ ಹೋಯಿತೇ. ಮಷಿನ್ ಸಾಲು ಹಾಗೇ ಉಳಿದು ರೊಟ್ಟಿಯ ಸಾಲುಗಳು ಕುಗ್ಗಿದ್ದರೆ ಮಾತ್ರ ಹೊಸ ಶೀರ್ಷಿಕೆ ತಪ್ಪು.

ಸಜೆಸ್ಟೆಡ್ ಸಾಲನ್ನೂ ಒಮ್ಮೆ ತೆರೆಯಬೇಕು. ಅಲ್ಲಿ ಯಾವ ವಿಡಿಯೋಗಳಿಂದ ಜನ ಬಂದರು ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ನಮ್ಮದೇ ಎಣ್ಣೆಗಾಯಿ ವಿಡಿಯೋ ಮೇಲಿದ್ದರೆ 4:30 ಎಂಬ ಸರಾಸರಿಗೆ ಹಿಗ್ಗುವಂತಿಲ್ಲ, ಅದು ಈಗಾಗಲೇ ನಮ್ಮನ್ನು ಬಲ್ಲವರ ಸಮಯ. ವಿಡಿಯೋ ವಿವರಣೆಯಲ್ಲಿ ಕೊಟ್ಟ ಲಿಂಕ್‌ನಿಂದ ಬಂದವರೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ನಮ್ಮ ವಿಡಿಯೋಗಳ ಸಾಲುಗಳನ್ನು ಬಿಟ್ಟು ಬೇರೆ ಚಾನೆಲ್‌ಗಳ ಸಾಲನ್ನಷ್ಟೇ ಓದುತ್ತೇನೆ. ಅಲ್ಲಿ ಅಡುಗೆ ವಿಡಿಯೋಗಳಿದ್ದರೆ ನೆರೆಹೊರೆ ಸರಿಯಿದೆ. ತೂಕ ಇಳಿಸುವ ವಿಡಿಯೋಗಳೇ ತುಂಬಿದ್ದು ಜನ ಅರ್ಧ ನಿಮಿಷಕ್ಕೆ ಹೋಗುತ್ತಿದ್ದರೆ, ವಿವರಣೆಯಲ್ಲಿ "ಡಯಟ್" ಎಂದು ಎಲ್ಲಾದರೂ ಬರೆದಿದ್ದೇನೆಯೇ ಎಂದು ಹುಡುಕುತ್ತೇನೆ.

ಬ್ರೌಸ್‌ನ 3:36ಕ್ಕೆ ಈ ವಿಡಿಯೋದಲ್ಲಿ ಏನೂ ಮಾಡಬೇಕಿಲ್ಲ. ಅದು ಎರಡು ನಿಮಿಷಕ್ಕಿಂತ ಕೆಳಗಿದ್ದಿದ್ದರೆ, ಜನ ಯಾವ ಕ್ಷಣದಲ್ಲಿ ಎದ್ದುಹೋದರು ಎಂದು ತೋರಿಸುವ ರಿಟೆನ್ಷನ್ ಗ್ರಾಫ್‌ನ ಮೊದಲ 30 ಸೆಕೆಂಡ್ ನೋಡಿ, ಥಂಬ್‌ನೇಲ್‌ನಲ್ಲಿ ತೋರಿಸಿದ ಉಬ್ಬಿದ ರೊಟ್ಟಿ ಅಷ್ಟರೊಳಗೆ ಪರದೆಗೆ ಬಂತೇ ಎಂದು ಪರೀಕ್ಷಿಸುತ್ತಿದ್ದೆ. ಯಾವ ಮೂಲವಾದರೂ ನೂರು ವೀಕ್ಷಣೆಯೂ ದಾಟದಿದ್ದರೆ ಅದರ ಸರಾಸರಿಯನ್ನು ನಂಬುವುದಿಲ್ಲ. ಇಡೀ ವಿಡಿಯೋ ನೋಡಿದ ನಾಲ್ಕೈದು ಜನ ಸಾಕು, ಆ ಸಂಖ್ಯೆ ಮೇಲೇರಲು.