ಗಂಟೆ ಲೆಕ್ಕ ಬಿಟ್ಟು ಕೆಲಸದ ಲೆಕ್ಕಕ್ಕೆ ಬರುವುದು ಹೇಗೆ?

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಕ್ಯಾಟಲಾಗ್, ಟ್ಯಾಗ್, ಲೇಬಲ್ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಮೊದಮೊದಲು ಗಂಟೆಗೆ 400 ರೂಪಾಯಿ ತಗೊಳ್ಳುತ್ತಿದ್ದೆ. 24 ಪುಟದ ಮೊದಲ ಕ್ಯಾಟಲಾಗಿಗೆ 38 ಗಂಟೆ ಹಿಡಿಯಿತು, 15,200 ರೂಪಾಯಿ ಬಂತು. ಮೂರು ವರ್ಷದ ಮೇಲೆ ಅಂಥದ್ದೇ ಕ್ಯಾಟಲಾಗ್ 22 ಗಂಟೆಯಲ್ಲಿ ಮುಗಿಯಿತು. ಮೊದಲಿಗಿಂತ ಚೆನ್ನಾಗಿಯೂ ಬಂದಿತ್ತು. ಬಿಲ್ ಮಾತ್ರ 8,800. ಕೈ ಪಳಗಿದ್ದಕ್ಕೆ ದಂಡ ಕಟ್ಟಿದ ಹಾಗಾಯ್ತು!

ಗಂಟೆ ರೇಟು ಏರಿಸಿದರೆ ಆಯ್ತಲ್ವಾ ಅನ್ನಬಹುದು. 700 ಅಂದು ನೋಡಿ, ಅವತ್ತಿನಿಂದ ಸಾವ್ಕಾರರು ಗಡಿಯಾರ ಹಿಡಿದು ಕೂರುತ್ತಾರೆ. ಅದಕ್ಕೇ ಇಡೀ ಕೆಲಸಕ್ಕೆ ಒಂದೇ ದರ ಹೇಳುವುದು ವಾಸಿ.

ಮೊದಲು ಗಂಟೆ ಬರೆದಿಡಿ. ಮುಂದಿನ ನಾಲ್ಕೈದು ಕೆಲಸಕ್ಕೆ ಗಂಟೆ ಲೆಕ್ಕದಲ್ಲೇ ಇರಿ, ಆದರೆ ಬಿಲ್ಲಿಗೆ ಹಾಕದ ಹೊತ್ತನ್ನೂ ಬರೆಯಿರಿ. ಫೋನ್ ಮಾತು, ಪ್ರೆಸ್ಸಿಗೆ ಓಡಾಟ, ಬಾಕಿ ವಸೂಲಿಗೆ ಕೌಲ್ ಬಜಾರಿಗೆ ಹೋಗಿ ಕಾದದ್ದು, ಎಲ್ಲ. ಇದಕ್ಕೆ ದುಡ್ಡು ಕೊಟ್ಟು ಆ್ಯಪ್ ಹಾಕಿಕೊಳ್ಳಬೇಡಿ. ಒಂದು ನೋಟ್‌ಬುಕ್ ಸಾಕು.

ಆಮೇಲೆ ದರ ಕಟ್ಟಿ. ನನ್ನ ಮುಂದಿನ ಕ್ಯಾಟಲಾಗಿನ ಲೆಕ್ಕ ಹೀಗಿತ್ತು: ಡಿಸೈನಿಗೆ 22 ಗಂಟೆ, ಓಡಾಟಕ್ಕೆ 7, ಒಟ್ಟು 29. ಅಂದಾಜು ತಪ್ಪಿದರೆ ಇರಲಿ ಎಂದು ಅದರ ಮೇಲೆ ಕಾಲು ಭಾಗ ಸೇರಿಸಿದರೆ ಸುಮಾರು 36. ಗಂಟೆಗೆ 400ರಂತೆ 14,400. ಇದು ನೆಲ, ಇದಕ್ಕಿಂತ ಕೆಳಗೆ ಇಳಿಯಬಾರದು. ನಾನು ಹೇಳಿದ್ದು 18,000. ದೀಪಾವಳಿಗೆ ಮುಂಚೆ ಡೀಲರ್‌ಗಳ ಕೈ ಸೇರಬೇಕಾದ ಕ್ಯಾಟಲಾಗ್ ಅದು. ಹೇಳಿದ ದಿನಕ್ಕೆ ಕೊಡುತ್ತೇನೆ ಎಂಬ ಹೆಸರಿಗೂ ಬೆಲೆ ಇದೆ. ಚೌಕಾಸಿಗೆ ಬಂದರೆ ಬರೀ ದರ ಇಳಿಸಬೇಡಿ, ಕೆಲಸವನ್ನೂ ಇಳಿಸಿ: "ಹದಿನೈದಕ್ಕಾದ್ರೆ 18 ಪುಟ ಮಾಡಿಕೊಡ್ತೀನ್ರಿ ಸಾವ್ಕಾರ್ರೇ."

ಎಲ್ಲರೂ ಎಡವುವುದು ಇಲ್ಲಿ: ಒಪ್ಪಂದದ ಹಾಳೆ. ನಾನೂ ಎಡವಿದ್ದೆ. ಮೊದಲ ಸಲ ಒಂದು ಕಡೆ ಬಾಯಿಮಾತಲ್ಲೇ 12,000ಕ್ಕೆ ಒಪ್ಪಿಕೊಂಡೆ. ಅಲ್ಲಿ ಮೂವರು ಅಣ್ಣತಮ್ಮಂದಿರು. ದೊಡ್ಡವರು ನೀಲಿ ಬೇಕೆಂದರು, ನಡುವಿನವರು ಕಪ್ಪು, ಚಿಕ್ಕವರು ಫೋಟೋಗಳನ್ನೇ ಬದಲಿಸಿದರು. "ಇದೊಂದು ಸಣ್ಣದು ಐತ್ರಿ, ಮಾಡಿಬಿಡ್ರಿ" ಎನ್ನುತ್ತಾ ಏಳು ಸಲ ತಿದ್ದಿಸಿದರು. ಒಟ್ಟು 51 ಗಂಟೆ. ಭಾಗಿಸಿ ನೋಡಿದರೆ ಗಂಟೆಗೆ 235 ರೂಪಾಯಿ.

ಹಾಗಾಗಿ ಈಗ ಒಂದೇ ಪುಟ ಬರೆದುಕೊಡುತ್ತೇನೆ. ಎಷ್ಟು ಪುಟ, ಎಷ್ಟು ಮಾಡೆಲ್, ಫೋಟೋ ಯಾರದ್ದು, ಪ್ರಿಂಟಿಂಗ್ ಖರ್ಚು ಬೇರೆ ಎಂಬುದು ಮೊದಲು. ಆಮೇಲೆ ತಿದ್ದುಪಡಿ. "ಎರಡು ಸಲ" ಎಂದಷ್ಟೇ ಬರೆದರೆ ಸಾಲದು. ಒಂದು ಸಲ ಎಂದರೇನು ಅಂತ ಬರೆಯಬೇಕು: ಒಬ್ಬರೇ, ಒಂದೇ ಪಟ್ಟಿಯಲ್ಲಿ, ಎಲ್ಲ ಬದಲಾವಣೆ ಒಟ್ಟಿಗೆ ಕೊಡುವುದು. ಆ ಒಬ್ಬರು ಯಾರು ಅಂತ ಹೆಸರೂ ಹಾಕಿ. ಮೂರನೇ ಸಲಕ್ಕೆ 1,500. ಪುಟ ಜಾಸ್ತಿಯಾದರೆ ಪುಟಕ್ಕೆ 750. ಮತ್ತೆ ತಿದ್ದಲು ಬರುವ ಮೂಲ ಸಿಡಿಆರ್ ಫೈಲ್ ಬೇಕೆಂದರೆ ಬೇರೆ ದರ, ಇದನ್ನು ಮೊದಲೇ ಹೇಳಿ. ಕೊನೆಗೆ ಹೇಳಿದರೆ ಜಗಳ ಆಗುತ್ತದೆ.

ಬರಹ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ತುಂಬಾ ಜನ ಮರೆಯುತ್ತಾರೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬಂದರೆ ಯುನಿಕೋಡಿಗೆ ಬದಲಿಸಬೇಕು. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಸಾಲುಸಾಲು ಓದಿ ಸರಿಮಾಡಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. "ಯುನಿಕೋಡಿನಲ್ಲಿ, ತಪ್ಪು ತಿದ್ದಿದ ಬರಹ ಕೊಡುವುದು ನಿಮ್ಮ ಹೊಣೆ" ಎಂದು ಒಂದು ಸಾಲು ಸೇರಿಸಿ.

ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಕರಾರುಪತ್ರ ಬೇಡ. ನಾನು ಇಳಿಸಿಕೊಂಡ ಒಂದರಲ್ಲಿ ವ್ಯಾಜ್ಯವೇನಿದ್ದರೂ ಕ್ಯಾಲಿಫೋರ್ನಿಯಾ ಕೋರ್ಟಿನಲ್ಲಿ ಅಂತಿತ್ತು!

ದುಡ್ಡು ಮೂರು ಕಂತು: ಶುರುವಿಗೆ ಅರ್ಧ, ಮೊದಲ ಲೇಔಟ್ ಒಪ್ಪಿದಾಗ ಕಾಲು, ಪ್ರೆಸ್ಸಿಗೆ ಫೈಲ್ ಕಳಿಸುವ ಮೊದಲು ಉಳಿದ ಕಾಲು.

ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. "ಏನಾದ್ರೂ ಹೊಸ ಥರ ಮಾಡಿ, ನೋಡೋಣ" ಅನ್ನುವವರ ಹತ್ತಿರ ಗಂಟೆ ಲೆಕ್ಕವೇ ವಾಸಿ. ಏನು ಬೇಕೆಂದು ಅವರಿಗೇ ಗೊತ್ತಿಲ್ಲದಿರುವಾಗ ನೀವು ದರ ಹೇಗೆ ಕಟ್ಟುತ್ತೀರಿ?

ಹೊಸ ಗಿರಾಕಿಗಳಿಂದ ಶುರು ಮಾಡಿ. ಹಳಬರಿಗೆ ನಡೆಯುತ್ತಿರುವ ಕೆಲಸದ ನಡುವೆ ಹೇಳಬೇಡಿ, ಮುಂದಿನ ಕೆಲಸ ಬಂದಾಗ ಹೇಳಿ. ಕೆಲಸ ಮುಗಿದ ಮೇಲೂ ನೋಟ್‌ಬುಕ್ ಬಿಡಬೇಡಿ. ಆ 18,000ದ ಕ್ಯಾಟಲಾಗ್ ಕೊನೆಗೆ 31 ಗಂಟೆ ತಗೊಂಡಿತು, ಅಂದರೆ ಗಂಟೆಗೆ 580. ಈ ಅಂಕಿ ನಿಮಗೆ ಮಾತ್ರ. ಗಿರಾಕಿ ಕೇಳಿದರೂ ಹೇಳಬೇಡಿ.