ಅರಬ್ಬಿ ವ್ಯಾಕರಣ: ‘ಶಾಲೆಯ ಮೇಷ್ಟ್ರುಗಳು’ ಎನ್ನುವಾಗ ನೂನ್ ಬಿಡುವುದು ಹೇಗೆ?

ಅರಬ್ಬಿಯಲ್ಲಿ ಮೇಷ್ಟ್ರಿಗೆ ‘ಮುದರ್ರಿಸ್’ ಅಂತಾರೆ. ಇಬ್ಬರಾದರೆ ‘ಮುದರ್ರಿಸಾನಿ’, ಮೂವರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ‘ಮುದರ್ರಿಸೂನ’. ಇಲ್ಲಿಯವರೆಗೆ ಯಾರಿಗೂ ಕಷ್ಟವಿಲ್ಲ. ಆದರೆ ‘ಶಾಲೆಯ ಮೇಷ್ಟ್ರುಗಳು’ ಎಂದು ಹೇಳಹೊರಟ ಕೂಡಲೇ ಕೊನೆಯ ‘ನ’ ಮಾಯವಾಗುತ್ತದೆ. ‘ಮುದರ್ರಿಸೂನ’ ಹೋಗಿ ‘ಮುದರ್ರಿಸೂ ಲ್-ಮದ್ರಸತಿ’ ಆಗುತ್ತದೆ. ಆ ನೂನ್ ಯಾವಾಗ ಬೀಳುತ್ತದೆ, ಯಾವಾಗ ಉಳಿಯುತ್ತದೆ ಎಂದು ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಯಾವ ಪದ ಯಾರದ್ದು ಎಂದು ಗುರುತಿಸಿ. ಕನ್ನಡದಲ್ಲಿ ‘ಶಾಲೆಯ’ ಮೊದಲು, ‘ಮೇಷ್ಟ್ರು’ ಆಮೇಲೆ. ಸಂಬಂಧ ತೋರಿಸುವ ‘ಯ’ ಶಾಲೆಗೆ ಅಂಟಿರುತ್ತದೆ. ಅರಬ್ಬಿಯಲ್ಲಿ ಸಾಲು ಉಲ್ಟಾ: ಮೇಷ್ಟ್ರು ಮೊದಲು, ಶಾಲೆ ಆಮೇಲೆ. ಮೊದಲ ಪದವನ್ನು ಮುದಾಫ್ ಎನ್ನುತ್ತಾರೆ, ಎರಡನೆಯದನ್ನು ಮುದಾಫ್ ಇಲೈಹಿ. ನಮ್ಮಲ್ಲಿ ಉರ್ದು ಮೂಲಕ ಕಲಿತವರ ಬಾಯಲ್ಲಿ ಇದೇ ‘ಮುಜಾಫ್’. ಎರಡನೆಯ ಪದದ ಕೊನೆಗೆ ‘ಇ’ಕಾರ ಬರುತ್ತದೆ, ‘ಮದ್ರಸತಿ’ಯ ಕೊನೆಯ ‘ತಿ’ ಅದೇ. ನೂನ್ ಬೀಳುವುದು ಮಾತ್ರ ಮೊದಲ ಪದದಲ್ಲಿ.

ಯಾಕೆ ಬೀಳುತ್ತದೆ? ಏಕವಚನದಲ್ಲಿ ‘ಮುದರ್ರಿಸುನ್’ ಎನ್ನುವಾಗ ಕೊನೆಗೆ ಕೇಳಿಸುವ ‘ನ್’ಗೆ ತನ್ವೀನ್ ಎಂದು ಹೆಸರು. ಮುದಾಫ್ ಆದಾಗ ತನ್ವೀನ್ ನಿಲ್ಲುವುದಿಲ್ಲ, ‘ಮುದರ್ರಿಸು ಲ್-ಮದ್ರಸತಿ’ ಆಗುತ್ತದೆ. ದ್ವಿವಚನ, ಬಹುವಚನದ ನೂನ್ ಏಕವಚನದ ಈ ತನ್ವೀನಿನ ಜಾಗದಲ್ಲಿ ಬಂದದ್ದು ಎಂದು ಅರಬ್ಬಿ ವ್ಯಾಕರಣಕಾರರು ವಿವರಿಸುತ್ತಾರೆ. ಹಾಗಾಗಿ ಅದಕ್ಕೂ ಇಲ್ಲಿ ಜಾಗವಿಲ್ಲ. ಒಂದು ವ್ಯತ್ಯಾಸ ನೆನಪಿರಲಿ. ‘ಅಲ್’ ಸೇರಿದರೆ ತನ್ವೀನ್ ಹೋಗುತ್ತದೆ, ಈ ನೂನ್ ಹೋಗುವುದಿಲ್ಲ. ‘ಅಲ್-ಮುದರ್ರಿಸೂನ’ ಸರಿಯಾದ ರೂಪವೇ.

ಎರಡನೇ ಹೆಜ್ಜೆ ವಿಭಕ್ತಿ. ನೂನ್ ತೆಗೆಯುವ ಮೊದಲು ಪದ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ನೋಡಿ. ಕರ್ತೃವಾದರೆ ದ್ವಿವಚನಕ್ಕೆ ‘ಆನಿ’, ಬಹುವಚನಕ್ಕೆ ‘ಊನ’. ಕರ್ಮವಾದರೆ ಅಥವಾ ಅವ್ಯಯದ ನಂತರ ಬಂದರೆ ‘ಐನಿ’ ಮತ್ತು ‘ಈನ’. ಆಮೇಲೆ ಕೊನೆಯ ನೂನನ್ನು ಅದರ ಸ್ವರದ ಸಮೇತ ಎತ್ತಿಬಿಡಿ. ಉಳಿಯುವುದು ಆ, ಊ, ಐ, ಈ. ವಿಭಕ್ತಿ ಇರುವುದೇ ಈ ಸ್ವರಗಳಲ್ಲಿ, ಆದ್ದರಿಂದ ನೂನ್ ಹೋದರೂ ಅರ್ಥಕ್ಕೆ ನಷ್ಟವಿಲ್ಲ.

ಇನ್ನು ಒಂದು ವಾಕ್ಯ ಪೂರ್ತಿ ಕಟ್ಟೋಣ: ‘ಶಾಲೆಯ ಪ್ರಾಮಾಣಿಕ ಮೇಷ್ಟ್ರುಗಳು ಬಂದರು.’ ಮೇಷ್ಟ್ರುಗಳು ಕರ್ತೃ, ಅಂದರೆ ‘ಮುದರ್ರಿಸೂನ’. ಮುದಾಫ್ ಆದ್ದರಿಂದ ಅದಕ್ಕೆ ‘ಅಲ್’ ಹಾಕುವಂತಿಲ್ಲ, ನೂನೂ ಹೋಗಬೇಕು. ‘ಹದರ ಮುದರ್ರಿಸೂ ಲ್-ಮದ್ರಸತಿ’ ಆಯಿತು. ಈಗ ‘ಪ್ರಾಮಾಣಿಕ’ ಎಲ್ಲಿ ಬರಬೇಕು? ಮುದಾಫ್ ಮತ್ತು ಮುದಾಫ್ ಇಲೈಹಿ ನಡುವೆ ವಿಶೇಷಣ ತೂರಿಸುವಂತಿಲ್ಲ, ಎರಡೂ ಮುಗಿದ ಮೇಲೇ ಬರಬೇಕು: ‘ಹದರ ಮುದರ್ರಿಸೂ ಲ್-ಮದ್ರಸತಿ ಲ್-ಮುಖ್ಲಿಸೂನ’. ಮುಖ್ಲಿಸೂನದ ನೂನ್ ಹಾಗೇ ಇದೆ ನೋಡಿ. ಅದು ಮೇಷ್ಟ್ರುಗಳನ್ನು ಬಣ್ಣಿಸುವ ಪದ, ಮುದಾಫ್ ಅಲ್ಲ. ಒಮ್ಮೆ ನೂನ್ ಬಿಡಲು ಕಲಿತವರು ಇಲ್ಲೂ ಸುಮ್ನೆ ಬಿಟ್ಟುಬಿಡುತ್ತಾರೆ, ಅದು ತಪ್ಪು. ‘ನೋಡಿದೆ’ ಎಂದು ಬದಲಿಸಿದರೆ ‘ರಅಯ್ತು ಮುದರ್ರಿಸೀ ಲ್-ಮದ್ರಸತಿ ಲ್-ಮುಖ್ಲಿಸೀನ’ ಆಗುತ್ತದೆ.

ಬಾಯಲ್ಲಿ ಹೇಳುವಾಗ ಇನ್ನೊಂದು ಸೂಕ್ಷ್ಮ ಇದೆ. ‘ಅಲ್’ ಮುಂದೆ ಬಂದಾಗ ದೀರ್ಘ ಸ್ವರ ಗಿಡ್ಡವಾಗಿ ಕೇಳಿಸುತ್ತದೆ. ಹಾಗಾಗಿ ‘ಮುದರ್ರಿಸು’ (ಒಬ್ಬ ಮೇಷ್ಟ್ರು) ಮತ್ತು ‘ಮುದರ್ರಿಸೂ’ (ಹಲವರು) ಕಿವಿಗೆ ಒಂದೇ. ಕ್ರಿಯಾಪದ ಮೊದಲು ಬಂದರೆ ಅದು ಏಕವಚನದಲ್ಲೇ ಇರುವುದರಿಂದ ‘ಹದರ’ ಕೂಡ ಸಹಾಯ ಮಾಡುವುದಿಲ್ಲ. ಕೊನೆಗೆ ಬರುವ ‘ಮುಖ್ಲಿಸೂನ’ದ ನೂನೇ ಗುಟ್ಟು ಬಿಡಿಸುತ್ತದೆ. ದ್ವಿವಚನದ ‘ಐ’ಗೆ ಮಾತ್ರ ‘ಅಲ್’ ಮುಂದೆ ಒಂದು ‘ಇ’ ಸೇರುತ್ತದೆ: ‘ಮುದರ್ರಿಸಯಿ ಲ್-ಮದ್ರಸತಿ’. ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಸೆರೆಮನೆಯ ಇಬ್ಬರು ಜೊತೆಗಾರರನ್ನು ಕರೆಯುವ ‘ಯಾ ಸಾಹಿಬಯಿ ಸ್ಸಿಜ್ನಿ’ ಇದೇ ರೂಪ. ಸಾಹಿಬೈನಿಯ ನೂನ್ ಅಲ್ಲಿ ಬಿದ್ದಿದೆ.

ಬಾಯಿಪಾಠ ಇರುವವರಿಗೆ ಇಂಥ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ. 111ನೇ ಅಧ್ಯಾಯದ ಮೊದಲ ವಚನ ‘ತಬ್ಬತ್ ಯದಾ ಅಬೀ ಲಹಬ್’. ‘ಯದಾ’ ಎಂದರೆ ಎರಡು ಕೈಗಳು, ‘ಯದಾನಿ’ಯಿಂದ ಬಂದದ್ದು. ‘ಬನೂ ಹಾಶಿಂ’, ‘ಬನೀ ಇಸ್ರಾಯೀಲ್’ ಎಂಬ ಹೆಸರುಗಳಲ್ಲಿರುವುದು ಮಕ್ಕಳು ಎಂಬರ್ಥದ ‘ಬನೂನ’, ‘ಬನೀನ’. ನೂನಿಲ್ಲದ ರೂಪವನ್ನು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದೀರಿ, ಅಲ್ವಾ?

ಬರೆಯುವಾಗ ಹೆಚ್ಚು ಕಾಣುವ ತಪ್ಪು ಅಲಿಫಿನದು. ‘ಹದರೂ’ (ಬಂದರು) ಎಂಬ ಕ್ರಿಯಾಪದದ ವಾವ್ ನಂತರ ಓದದ ಒಂದು ಅಲಿಫ್ ಬರೆಯುತ್ತಾರೆ. ಅದೇ ರೂಢಿಯಲ್ಲಿ ‘ಮುದರ್ರಿಸೂ’ ಮುಂದೆಯೂ ಅಲಿಫ್ ಹಾಕುವವರಿದ್ದಾರೆ. ಇಂದಿನ ಬರವಣಿಗೆಯಲ್ಲಿ ಆ ಅಲಿಫ್ ಕ್ರಿಯಾಪದಕ್ಕೆ ಮಾತ್ರ. ನಾಮಪದ ವಾವಿನಲ್ಲೇ ನಿಲ್ಲಬೇಕು.

ಓದುವಾಗ ತೊಡಕು ಕೊಡುವುದು ಯಾ. ಹರಕತ್ ಇಲ್ಲದ ಪತ್ರಿಕೆಯಲ್ಲಿ ಮೀಮ್, ದಾಲ್, ರಾ, ಸೀನ್, ಯಾ ಎಂಬ ಐದು ಅಕ್ಷರ ಕಂಡರೆ ಅದು ‘ಮುದರ್ರಿಸೀ’ (ನನ್ನ ಮೇಷ್ಟ್ರು) ಇರಬಹುದು, ಹಲವು ಮೇಷ್ಟ್ರುಗಳ ‘ಮುದರ್ರಿಸೀ’ ಇರಬಹುದು, ಇಬ್ಬರ ‘ಮುದರ್ರಿಸೈ’ ಕೂಡ ಇರಬಹುದು. ಮೊದಲು ಮುಂದಿನ ಪದ ನೋಡಿ. ಅದು ‘ಯಾರ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ನಾಮಪದವಾದರೆ ಇದು ಮುದಾಫ್, ‘ನನ್ನ’ ಅಲ್ಲ. ಇಬ್ಬರೋ ಹಲವರೋ ಎಂಬುದನ್ನು ಆಮೇಲೆ ಬರುವ ಕ್ರಿಯಾಪದ ಹೇಳುತ್ತದೆ: ‘ಹದರಾ’ ಎಂದಿದ್ದರೆ ಇಬ್ಬರು, ‘ಹದರೂ’ ಎಂದಿದ್ದರೆ ಹಲವರು.

ಸರ್ವನಾಮ ಅಂಟಿದರೂ ನೂನ್ ಬೀಳುತ್ತದೆ. ‘ನಿನ್ನ ಮೇಷ್ಟ್ರುಗಳು’ ಅಂದರೆ ‘ಮುದರ್ರಿಸೂಕ’. ‘ನನ್ನ’ ಎನ್ನುವಾಗ ಬಹುವಚನದ ವಾವ್ ಯಾ ಆಗಿ ತಿರುಗಿ ‘ಮುದರ್ರಿಸಿಯ್ಯ’ ಆಗುತ್ತದೆ, ಎಲ್ಲ ವಿಭಕ್ತಿಗೂ ಅದೇ. ದ್ವಿವಚನದಲ್ಲಿ ಕರ್ತೃವಾದರೆ ‘ಮುದರ್ರಿಸಾಯ’, ಇಲ್ಲದಿದ್ದರೆ ‘ಮುದರ್ರಿಸಯ್ಯ’. ಇಬ್ರಾಹೀಮರ ಪ್ರಾರ್ಥನೆಯಲ್ಲಿ ಬರುವ ‘ವ ಲಿವಾಲಿದಯ್ಯ’ (ನನ್ನ ತಂದೆತಾಯಿಗೂ) ಈ ಬಗೆಯದು.

ಕಡೆಯದಾಗಿ, ಬಿಡಬಾರದ ನೂನ್. ‘ಉಯೂನ್’ (ಕಣ್ಣುಗಳು) ‘ಊನ್’ ಎಂದೇ ಮುಗಿಯುತ್ತದೆ, ಆದರೆ ‘ಜನರ ಕಣ್ಣುಗಳು’ ಎನ್ನಲು ‘ಉಯೂನು ನ್ನಾಸಿ’ ಎಂದೇ ಹೇಳಬೇಕು. ‘ಶಯಾತೀನ್’, ‘ಕವಾನೀನ್’ (ಕಾನೂನುಗಳು) ಕೂಡ ಹೀಗೇ. ಏಕವಚನದಲ್ಲಿ ನೂನ್ ಇದೆಯೇ ಎಂದು ನೋಡಿದರೆ ಸಾಕು ಎಂದು ಕೆಲವರು ಹೇಳಿಕೊಡುತ್ತಾರೆ, ಅದು ಸಾಲದು. ‘ಜಾರ್’ ಎಂದರೆ ನೆರೆಯವ, ನೂನೇ ಇಲ್ಲ. ಬಹುವಚನ ‘ಜೀರಾನ್’, ಇಲ್ಲಿ ನೂನ್ ಬೀಳುವುದಿಲ್ಲ. ‘ಜಾರಾನಿ’ ಎಂದರೆ ಇಬ್ಬರು ನೆರೆಯವರು, ಇಲ್ಲಿ ಬೀಳುತ್ತದೆ. ನಂಬಬಹುದಾದ ಪರೀಕ್ಷೆ ನೂನಿನ ಮೇಲಿನ ಸ್ವರ. ವಾಕ್ಯ ಬದಲಾದಂತೆ ‘ಜೀರಾನುನ್’, ‘ಜೀರಾನನ್’, ‘ಜೀರಾನಿನ್’ ಎಂದು ಅದು ಬದಲಾದರೆ ನೂನ್ ಪದದ ಸ್ವಂತದ್ದು, ಮುಟ್ಟಬೇಡಿ. ದ್ವಿವಚನದಲ್ಲಿ ಯಾವಾಗಲೂ ‘ನಿ’, ಬಹುವಚನದಲ್ಲಿ ಯಾವಾಗಲೂ ‘ನ’ ಆಗಿಯೇ ಇದ್ದರೆ ತೆಗೆಯಬೇಕಾದ ನೂನ್.

ಇದೆಲ್ಲ ಬರಹದ ಮತ್ತು ಸುದ್ದಿಯ ಅರಬ್ಬಿಗೆ. ಗಲ್ಫಿಗೆ ದುಡಿಯಲು ಹೋದವರು ಅಲ್ಲಿನ ಬೀದಿಯ ಮಾತಿನಲ್ಲಿ ಈ ನಿಯಮ ಹುಡುಕಬೇಕಿಲ್ಲ. ಆಡುಮಾತಿನಲ್ಲಿ ಬಹುವಚನ ‘ಈನ್’ ಆಗಿಯೇ ಉಳಿದು, ‘ಮುದರ್ರಿಸೀನ್ ಇಲ್-ಮದ್ರಸ’ ಎಂದು ನೂನ್ ಸಮೇತ ಕೇಳಿಸುತ್ತದೆ.