ಅರವತ್ತನೆಯ ದಿನ ರಾಜ್ಯೋತ್ಸವದಂದು ಬಂದಾಗ: ಕೊನೆಯ ಕೆಲಸದ ದಿನವನ್ನು ನಾನು ಲೆಕ್ಕ ಹಾಕಿದ ಬಗೆ

ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ರಾಜೀನಾಮೆಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. 2025ರ ಸೆಪ್ಟೆಂಬರ್ 2, ಮಂಗಳವಾರದಂದು ಸಹೋದ್ಯೋಗಿಯೊಬ್ಬರು ರಾಜೀನಾಮೆ ಕೊಟ್ಟರು. ಹೊಸ ಕಂಪನಿಯವರು ಅವರಿಗೆ ನವೆಂಬರ್ 3, ಸೋಮವಾರ ಬಂದು ಸೇರುವಂತೆ ಹೇಳಿದ್ದರು. ನಮ್ಮಲ್ಲಿ ಮೊದಲಿನಿಂದ ಬಳಸುತ್ತಿದ್ದ ಎಕ್ಸೆಲ್ ಹಾಳೆಯಲ್ಲಿ ದಿನಾಂಕ ತುಂಬಿದಾಗ, ಅವರ ಕೊನೆಯ ಕೆಲಸದ ದಿನವೂ ಅದೇ ನವೆಂಬರ್ 3 ಎಂದು ಬಂತು. ಒಂದೇ ದಿನ ಎರಡೂ ಕಡೆ ನೌಕರಿಯಲ್ಲಿದ್ದಂತೆ ದಾಖಲಾದರೆ ಮುಂದೆ ಭವಿಷ್ಯನಿಧಿ ವರ್ಗಾವಣೆಗೂ ತೊಡಕಾಗಬಹುದಾದ್ದರಿಂದ, ನಾನು ಹಾಳೆಯನ್ನು ಬದಿಗಿಟ್ಟು ಮೊದಲಿನಿಂದ ಲೆಕ್ಕ ಹಾಕಿದೆ.

ಮೊದಲು ನೋಡಿದ್ದು ನೇಮಕಾತಿ ಪತ್ರದ ಮಾತುಗಳನ್ನು. ಅಲ್ಲಿ '60 ದಿನಗಳ ನೋಟಿಸ್' ಎಂದಷ್ಟೇ ಇತ್ತು. ಈ ಒಂದು ಸಾಲಿನ ಶಬ್ದ ಬದಲಾದರೆ ಉತ್ತರ ಎಷ್ಟು ದೂರ ಸರಿಯುತ್ತದೆ ಎಂಬುದನ್ನು ಇದೇ ಪ್ರಕರಣ ತೋರಿಸುತ್ತದೆ. ಬರೀ ದಿನಗಳೆಂದರೆ ಶನಿವಾರ, ಭಾನುವಾರ, ಹಬ್ಬ ಎಲ್ಲವೂ ಎಣಿಕೆಗೆ ಸೇರುತ್ತವೆ; ಆಗ ಅರವತ್ತನೆಯ ದಿನ ನವೆಂಬರ್ 1. 'ಎರಡು ತಿಂಗಳು' ಎಂದಿದ್ದರೆ ನವೆಂಬರ್ 2 ಆಗುತ್ತಿತ್ತು. '60 ಕೆಲಸದ ದಿನಗಳು' ಎಂದಿದ್ದರೆ ವಾರಾಂತ್ಯಗಳನ್ನು ಬಿಟ್ಟು ಹನ್ನೆರಡು ವಾರ ಹಿಡಿದು ನವೆಂಬರ್ 25ಕ್ಕೆ ಬರುತ್ತಿತ್ತು. ನಡುವೆ ನಮ್ಮ ರಜಾಪಟ್ಟಿಯಲ್ಲಿದ್ದ ಅಕ್ಟೋಬರ್ 1, 2, 20 ಮತ್ತು 22 ಸೇರಿ ಅದು ಡಿಸೆಂಬರ್ 1ರವರೆಗೆ ಮುಂದೆ ಹೋಗುತ್ತಿತ್ತು. ಆದ್ದರಿಂದ ಪತ್ರ ಓದದೆ ಸೂತ್ರ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ರಾಜೀನಾಮೆ ಕೊಟ್ಟ ದಿನವನ್ನು ನಾನು ಎಣಿಸುವುದಿಲ್ಲ, ಮರುದಿನವೇ ಒಂದನೆಯ ದಿನ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೆಯ ಕಲಮಿನ ರೀತಿಯೂ ಇದೇ. ಅದು ಇರುವುದು ಕಾನೂನುಗಳ ಓದಿಗೆ, ನೇಮಕಾತಿ ಪತ್ರಕ್ಕಲ್ಲ. ಆದರೂ ಪತ್ರದಲ್ಲಿ ಬೇರೆ ಮಾತಿಲ್ಲದಿದ್ದಾಗ ಎಲ್ಲರಿಗೂ ಒಂದೇ ರೀತಿ ಅನ್ವಯಿಸಲು ಈ ಕ್ರಮ ಅನುಕೂಲ.

ನವೆಂಬರ್ 1 ಶನಿವಾರವಾಗಿತ್ತು, ರಾಜ್ಯೋತ್ಸವವೂ ಆಗಿತ್ತು. ಹಳೆಯ ಹಾಳೆ ತಪ್ಪಿದ್ದು ಇಲ್ಲಿಯೇ. ಅವಧಿ ರಜಾದಿನದಂದು ಮುಗಿದರೆ ಅದು ಮುಂದಿನ ಕೆಲಸದ ದಿನಕ್ಕೆ ಜಿಗಿಯುತ್ತಿತ್ತು. ಹಾಗೆ ಮಾಡಿದರೆ ನೌಕರರು ಒಪ್ಪಿದ್ದ 60 ದಿನಗಳ ಬದಲು 62 ದಿನ ಇರಬೇಕಾಗುತ್ತದೆ, ಮತ್ತು ಅದಕ್ಕೆ ಪತ್ರದಲ್ಲಿ ಆಧಾರವಿರಲಿಲ್ಲ. ನೋಟಿಸ್ ಅವಧಿಯ ಒಳಗೆ ಬರುವ ಕೊನೆಯ ಕೆಲಸದ ದಿನ ಬೇಕೆಂದರೆ ಹಿಂದಕ್ಕೆ ಸರಿಯಬೇಕು. ರಾಜೀನಾಮೆಯ ದಿನಾಂಕ A2ರಲ್ಲಿಯೂ ರಜಾಪಟ್ಟಿ H ಕಂಬದಲ್ಲಿಯೂ ಇರುವಂತೆ ನಾನು B2 ಮತ್ತು C2ಗಳಲ್ಲಿ ಕ್ರಮವಾಗಿ ಬರೆದದ್ದು ಇದು:

```
=A2+60
=WORKDAY(B2+1,-1,$H$2:$H$11)
```

ಮೊದಲನೆಯದು ಅವಧಿ ಮುಗಿಯುವ ದಿನ. ಎರಡನೆಯದು ಅದರ ಮರುದಿನದಲ್ಲಿ ನಿಂತು ಒಂದು ಕೆಲಸದ ದಿನ ಹಿಂದೆ ಹೋಗುತ್ತದೆ. ಒಂದನ್ನು ಕೂಡಿಸುವುದು ಏಕೆಂದರೆ, ಅವಧಿ ಕೆಲಸದ ದಿನದಂದೇ ಮುಗಿದರೆ ಉತ್ತರವೂ ಆ ದಿನವೇ ಆಗಬೇಕು. ಡಾಲರ್ ಚಿಹ್ನೆ ಬಿಟ್ಟರೆ ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ ರಜಾಪಟ್ಟಿಯೂ ಜೊತೆಗೆ ಜಾರಿ, ಮೇಲಿನ ರಜೆಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಉತ್ತರ ಅಕ್ಟೋಬರ್ 31, ಶುಕ್ರವಾರ ಎಂದು ಬಂತು.

ಶನಿವಾರವೂ ಕೆಲಸವಿರುವ ನಮ್ಮ ಗೋದಾಮಿನವರಿಗೆ ಇದು ಸಾಲದು. ಅವರಿಗಾಗಿ ಭಾನುವಾರ ಮಾತ್ರ ರಜೆ ಎಂದು ತಿಳಿಸುವ 11 ಎಂಬ ಸಂಖ್ಯೆಯನ್ನು ಸೇರಿಸುತ್ತೇನೆ:

```
=WORKDAY.INTL(B2+1,-1,11,$H$2:$H$11)
```

ಶನಿವಾರ ಬಂದ ರಾಜ್ಯೋತ್ಸವವನ್ನು ಪಟ್ಟಿಯಲ್ಲಿ ಬರೆಯುವ ಅಗತ್ಯವಿಲ್ಲ ಎಂದು ಬಿಟ್ಟಿದ್ದರೆ, ಅವರ ಲೆಕ್ಕದಲ್ಲಿ ನವೆಂಬರ್ 1 ಕೆಲಸದ ದಿನವಾಗಿಬಿಡುತ್ತಿತ್ತು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ ರಜೆ ಇರುವ ಕಚೇರಿಗಳಲ್ಲಿ ಇದೇ ಸೂತ್ರ ಬಳಸಿ, ಆ ಶನಿವಾರಗಳನ್ನೂ ರಜಾಪಟ್ಟಿಗೆ ಸೇರಿಸಿ, ಪಟ್ಟಿಯ ವ್ಯಾಪ್ತಿಯನ್ನು ಹಿಗ್ಗಿಸಿಕೊಳ್ಳಬೇಕು.

ಹಾಳೆಯನ್ನು ಹೊಸದಾಗಿ ಕಟ್ಟುವಾಗ ಇನ್ನೊಂದು ದೋಷ ಸಿಕ್ಕಿತು. ಆ ಕಂಪ್ಯೂಟರಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎಂಬ ಅಮೆರಿಕದ ಕ್ರಮವಿತ್ತು. ನಾನು 02/10/2025 ಎಂದು ಬರೆದ ಗಾಂಧಿ ಜಯಂತಿ ಫೆಬ್ರವರಿ 10 ಆಗಿತ್ತು. 20/10/2025 ಮಾತ್ರ ಹಾಗೆ ತಿರುಗಲಾರದೆ ಬರಿಯ ಅಕ್ಷರವಾಗಿ ಉಳಿದು, ಅಂಕಣದ ಎಡಬದಿಗೆ ಅಂಟಿಕೊಂಡಿತ್ತು. ಕಣ್ಣಿಗೆ ಬಿದ್ದದ್ದು ಅದೇ. ಅಂದಿನಿಂದ ರಜಾಪಟ್ಟಿಯ ಪಕ್ಕದ ಕಂಬದಲ್ಲಿ =TEXT(H2,"dddd") ಎಂದು ಬರೆದು ವಾರದ ಹೆಸರನ್ನು ಗೋಡೆಯ ಕ್ಯಾಲೆಂಡರಿನೊಂದಿಗೆ ಒಂದೊಂದಾಗಿ ತಾಳೆ ನೋಡುತ್ತೇನೆ. ಆ ವರ್ಷದ ಗಾಂಧಿ ಜಯಂತಿ ಗುರುವಾರ. ಪಟ್ಟಿ ಸೋಮವಾರ ಎಂದರೆ ತಿಂಗಳು ತಿರುಗಿದೆ ಎಂದೇ ಅರ್ಥ.

ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಸಂಬಳ 31ಕ್ಕೇ ನಿಲ್ಲಿಸೋಣವೇ?" ನಿಲ್ಲಿಸಬಾರದು ಎಂದೆ, ಏಕೆಂದರೆ ಹಿಂದಕ್ಕೆ ಸರಿದದ್ದು ಕಚೇರಿಗೆ ಬರುವ ಕೊನೆಯ ದಿನವೇ ಹೊರತು ನೋಟಿಸ್ ಅವಧಿಯಲ್ಲ. ರಿಲೀವಿಂಗ್ ಪತ್ರದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆದೆವು: ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿ ಒಪ್ಪಿಸುವುದು ಅಕ್ಟೋಬರ್ 31ರಂದು, ಸೇವೆ ಮುಗಿಯುವುದು ಮತ್ತು ಸಂಬಳ ಸಲ್ಲುವುದು ನವೆಂಬರ್ 1ರವರೆಗೆ. ಭವಿಷ್ಯನಿಧಿಯ ದಾಖಲೆಯಲ್ಲಿ ನಿರ್ಗಮನದ ದಿನಾಂಕವಾಗಿ ನವೆಂಬರ್ 1 ಹೋಯಿತು, ಮತ್ತು ಅವರು ಸೋಮವಾರ ಹೊಸ ಕಂಪನಿಗೆ ಸೇರಿದರು.